ಕೋಸ್ಟರೀಕಾಕ್ಕೆ ಸಿಕ್ಕ ತೊಂಬತ್ತು ಸೆಕೆಂಡು

ಮೊದಲ ಕರಡನ್ನು ಓದಿ ಮುಗಿಸಲು ಅವಳಿಗೆ ನಾಲ್ಕು ನಿಮಿಷ ಹಿಡಿಯಿತು. ಸಿಕ್ಕಿದ್ದು ತೊಂಬತ್ತು ಸೆಕೆಂಡು. ನನ್ನ ಅಕ್ಕನ ಮಗಳು ಧಾರವಾಡದಲ್ಲಿ ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿದ್ದಾಳೆ. ಕಾಲೇಜಿನ ಅಣಕು ವಿಶ್ವಸಂಸ್ಥೆಯಲ್ಲಿ ಚೀಟಿ ಎತ್ತಿದಾಗ ಅವಳಿಗೆ ಬಂದ ದೇಶ ಕೋಸ್ಟರೀಕಾ. ವಿಷಯ ಸ್ವಾಯತ್ತ ಶಸ್ತ್ರಾಸ್ತ್ರ. ಅವುಗಳ ಮೇಲೆ ದೇಶಗಳನ್ನು ಕಟ್ಟಿಹಾಕುವ ಅಂತರರಾಷ್ಟ್ರೀಯ ಒಪ್ಪಂದ ಬೇಕು ಎಂದು ಅವಳು ವಾದಿಸಬೇಕಿತ್ತು.

ಕರಡಿನ ಅರ್ಧ ಭಾಗ ಸಿನಿಮಾದ ರೋಬೋಗಳಿಗೇ ಹೋಗಿತ್ತು. "ಇದನ್ನ ತೆಗಿ" ಎಂದೆ. "ಮಾಮಾ, ಕೇಳೋರಿಗೆ ಭಯ ಹುಟ್ಟಬೇಕಲ್ಲಾ?" ಎಂದಳು. ಭಯ ಹುಟ್ಟಿಸುವುದು ಸುಲಭ. ಆದರೆ ಯಾವುದನ್ನು ನಿಷೇಧಿಸಬೇಕು ಎಂದು ಕೇಳಿದರೆ ಸಿನಿಮಾ ಉತ್ತರ ಕೊಡುವುದಿಲ್ಲ.

ಮೊದಲು ವ್ಯಾಖ್ಯೆಯನ್ನು ಸರಿಮಾಡಿಕೊಂಡೆವು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪ್ರಕಾರ, ಒಮ್ಮೆ ಚಾಲೂ ಮಾಡಿದ ಮೇಲೆ ಮನುಷ್ಯರ ಮಧ್ಯಪ್ರವೇಶವಿಲ್ಲದೆ ತಾನೇ ಗುರಿಯನ್ನು ಆರಿಸಿಕೊಂಡು ಹೊಡೆಯುವುದು ಸ್ವಾಯತ್ತ ಶಸ್ತ್ರ. ದೂರದಲ್ಲಿ ಕೂತ ಸೈನಿಕ ಪರದೆ ನೋಡಿ ಗುಂಡಿ ಒತ್ತುವ ಡ್ರೋನ್ ಇದರಲ್ಲಿ ಬರುವುದಿಲ್ಲ. ಸ್ವಾಯತ್ತ ಶಸ್ತ್ರಕ್ಕೆ ಆಕಾರ, ಶಾಖ, ವೇಗ ಹೀಗೆ ಗುರಿಯ ಲಕ್ಷಣಗಳನ್ನು ಮೊದಲೇ ತುಂಬಿರುತ್ತಾರೆ. ಅದರ ಸಂವೇದಕಕ್ಕೆ ಹೊಂದುವಂಥದ್ದು ಸಿಕ್ಕಿತೋ, ದಾಳಿ. ಯಾರ ಮೇಲೆ, ಯಾವ ಗಳಿಗೆಯಲ್ಲಿ, ಎಲ್ಲಿ ಎನ್ನುವುದು ಅದನ್ನು ಬಿಟ್ಟವನಿಗೂ ನಿಖರವಾಗಿ ಗೊತ್ತಿರುವುದಿಲ್ಲ. ಹಾಗೆ ನೋಡಿದರೆ ನೆಲಬಾಂಬ್ ಇದರ ಮುತ್ತಜ್ಜ. ಕಾಲಿಟ್ಟವನು ಸೈನಿಕನೋ ದನ ಕಾಯುವ ಹುಡುಗನೋ ಅದಕ್ಕೆ ತಿಳಿಯದು.

ಇನ್ನು ಬೇಕಾದದ್ದು ಒಂದೇ ಒಂದು ಉದಾಹರಣೆ. ಅವಳು ಇರಾಕ್ ಯುದ್ಧದ ಒಂದು ಘಟನೆ ಹಿಡಿದು ತಂದಳು. 2003ರ ಮಾರ್ಚ್ 23. ಬ್ರಿಟನ್ನಿನ ಟೊರ್ನಾಡೋ ಯುದ್ಧವಿಮಾನವೊಂದು ಕಾರ್ಯಾಚರಣೆ ಮುಗಿಸಿ ಕುವೈತ್‌ನ ತನ್ನ ನೆಲೆಗೆ ಮರಳುತ್ತಿತ್ತು. 'ನಾನು ನಿಮ್ಮವನೇ' ಎಂದು ಸಂಕೇತ ಕಳಿಸುವ ಅದರ ಉಪಕರಣ ಕೆಲಸ ಮಾಡುತ್ತಿರಲಿಲ್ಲ. ಕೆಳಗಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಣಕ, ಆ ವಿಮಾನ ಇಳಿಯುತ್ತಿದ್ದ ರೀತಿ ನೋಡಿ, ಇದು ರಡಾರ್ ಮೇಲೆ ಎರಗುವ ಶತ್ರು ಕ್ಷಿಪಣಿ ಎಂದು ಗುರುತು ಹಾಕಿತು. ಗುರುತಿಸುವ ಮಾನದಂಡಗಳನ್ನೇ ತೀರಾ ಅಗಲವಾಗಿ ಇಡಲಾಗಿತ್ತು. ಮೇಲಿನ ಕಚೇರಿಯೊಂದಿಗೆ ಆ ತುಕಡಿಗೆ ಸರಿಯಾದ ಸಂಪರ್ಕವೂ ಇರಲಿಲ್ಲ. ಸಿಬ್ಬಂದಿಯ ಕೈಯಲ್ಲಿದ್ದದ್ದು ಸುಮಾರು ಒಂದು ನಿಮಿಷ. ಬೇಗ ಪ್ರತಿಕ್ರಿಯಿಸಿ, ಯಂತ್ರವನ್ನು ನಂಬಿ ಎಂಬುದೇ ಅವರಿಗೆ ಸಿಕ್ಕ ತರಬೇತಿ. ಅವರು ಹಾರಿಸಿದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು.

"ಆದರೆ ಇಲ್ಲಿ ಮನುಷ್ಯರೇ ಹಾರಿಸಿದ್ದು, ನನ್ನ ವಾದಕ್ಕೇ ಪೆಟ್ಟು ಬೀಳುತ್ತಲ್ಲಾ?" ಎಂದು ಅವಳಿಗೇ ಅನುಮಾನ. ನನ್ನ ಲೆಕ್ಕದಲ್ಲಿ ವಾದದ ಜೀವಾಳ ಇರುವುದೇ ಅಲ್ಲಿ. 'ಮನುಷ್ಯನೊಬ್ಬ ಇರಬೇಕು' ಎಂದಷ್ಟೇ ಬರೆದರೆ ಸಾಲದು. ಅವನಿಗೆ ಏನು ಗೊತ್ತಿರಬೇಕು, ಎಷ್ಟು ಹೊತ್ತು ಸಿಗಬೇಕು, ತಡೆಯುವ ದಾರಿ ಇರಬೇಕೇ ಎಂದು ಒಪ್ಪಂದ ಬಿಡಿಸಿ ಹೇಳಬೇಕು. ಕೊನೆಗೆ ನಿಂತ ಭಾಷಣ ಹೀಗಿತ್ತು:

"ಮಾನ್ಯ ಅಧ್ಯಕ್ಷರೇ, 2003ರಲ್ಲಿ ಒಂದು ಯಂತ್ರ ತನ್ನದೇ ಪಾಳೆಯದ ವಿಮಾನವನ್ನು ಶತ್ರು ಎಂದಿತು. ಎದುರು ಕೂತಿದ್ದ ಸೈನಿಕರಿಗೆ ಒಂದು ನಿಮಿಷವಿತ್ತು. ಅವರು ಯಂತ್ರವನ್ನು ನಂಬಿದರು, ಇಬ್ಬರು ಸತ್ತರು. ಇಂದಿನ ಶಸ್ತ್ರಗಳು ಆ ಒಂದು ನಿಮಿಷವನ್ನೂ ಉಳಿಸುವುದಿಲ್ಲ. ಯುದ್ಧದ ಕಾನೂನು ಸೈನಿಕ ಯಾರು, ನಾಗರಿಕ ಯಾರು ಎಂದು ನೋಡಿ ಹೊಡೆಯಬೇಕು ಎನ್ನುತ್ತದೆ. ಶರಣಾಗಲು ಕೈ ಎತ್ತಿದವನನ್ನು ಬಿಡಬೇಕು ಎನ್ನುತ್ತದೆ. ಆ ಕಾನೂನು ಮಾತಾಡುವುದು ಮನುಷ್ಯರ ಜೊತೆ. ಆದ್ದರಿಂದ ಕೋಸ್ಟರೀಕಾ ಕೇಳುವುದಿಷ್ಟು: ಯಾವಾಗ ಏನು ಮಾಡುತ್ತದೆಂದು ಊಹಿಸಲಾಗದ ಶಸ್ತ್ರ ಬೇಡ. ಮನುಷ್ಯರನ್ನೇ ಗುರಿಯಾಗಿಸುವ ಸ್ವಾಯತ್ತ ಶಸ್ತ್ರ ಬೇಡ. ಉಳಿದವಕ್ಕೆ ಯಾವ ಗುರಿ, ಎಷ್ಟು ಪ್ರದೇಶ, ಎಷ್ಟು ಹೊತ್ತು ಎಂಬ ಮಿತಿ ಇರಲಿ. ಪ್ರತಿ ದಾಳಿಗೂ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿಯ ಹೆಸರಿರಲಿ."

ಎಂಬತ್ತೇಳು ಸೆಕೆಂಡು. ಮೂರು ಬೇಡಿಕೆಗಳು ಅವಳ ಸ್ವಂತದ್ದಲ್ಲ. ರೆಡ್‌ಕ್ರಾಸ್ ಸಮಿತಿ 2021ರಲ್ಲಿ ಮುಂದಿಟ್ಟ ಎರಡು ನಿಷೇಧ, ಒಂದು ನಿಯಂತ್ರಣ ಎಂಬ ಸೂತ್ರವದು. ಕೊನೆಯ ವಾಕ್ಯ ಮಾತ್ರ ಅವಳದೇ.

ಸಭೆಯಲ್ಲಿ ಮೊದಲ ಪ್ರಶ್ನೆ ಕುಟುಕುವಂತಿತ್ತು. "1948ರಲ್ಲೇ ಸೈನ್ಯವನ್ನು ವಿಸರ್ಜಿಸಿದ ದೇಶ ನಿಮ್ಮದು. ಕಳೆದುಕೊಳ್ಳುವುದೇನೂ ಇಲ್ಲದವರು ಬೇರೆಯವರ ಕೈ ಕಟ್ಟುವುದೇಕೆ?" ಅವಳು ತಯಾರಾಗಿದ್ದಳು. "ಹೊಡೆಯುವ ಕೈ ನಮಗಿಲ್ಲ, ಹೊಡೆತ ತಿನ್ನುವ ಮೈ ಇದೆ" ಎಂದಳು. ನಿಜವಾದ ಕೋಸ್ಟರೀಕಾವೂ 2023ರ ಫೆಬ್ರುವರಿಯಲ್ಲಿ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳನ್ನು ತನ್ನಲ್ಲಿಗೆ ಕರೆದು, ಇಂಥ ಒಪ್ಪಂದ ಬೇಕೆಂಬ ಹೇಳಿಕೆ ಹೊರಡಿಸಿತ್ತು.

ಎರಡನೇ ಪ್ರಶ್ನೆ 'ಭಾರತ'ದ ಫಲಕ ಹಿಡಿದಿದ್ದ ಹುಡುಗನದು. ಯುದ್ಧದ ಕಾನೂನು ಈಗಾಗಲೇ ಇದೆ, ಜಿನೀವಾದಲ್ಲಿ ಚರ್ಚೆಯೂ ನಡೆದಿದೆ, ಹೊಸ ಒಪ್ಪಂದಕ್ಕೆ ಅವಸರವೇನು? ಅವನು ದೆಹಲಿಯ ನಿಲುವನ್ನು ಸರಿಯಾಗಿಯೇ ಓದಿಕೊಂಡಿದ್ದ. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ಶಸ್ತ್ರಗಳ ಬಗ್ಗೆ ಮೊದಲ ನಿರ್ಣಯ ಅಂಗೀಕರಿಸಿದಾಗ 152 ದೇಶಗಳು ಪರ, 4 ದೇಶಗಳು ವಿರುದ್ಧ ಮತ ಹಾಕಿದವು. ಆ ನಾಲ್ಕರಲ್ಲಿ ಭಾರತವೂ ಒಂದು. ಅವಳು 1995ನ್ನು ನೆನಪಿಸಿದಳು. ಅನಗತ್ಯ ಯಾತನೆ ಕೊಡಬಾರದೆಂಬ ನಿಯಮ ಆಗಲೂ ಇತ್ತು. ಆದರೂ ಕಣ್ಣು ಕುರುಡಾಗಿಸುವ ಲೇಸರ್ ಶಸ್ತ್ರಗಳು ರಣರಂಗಕ್ಕೆ ಇಳಿಯುವ ಮೊದಲೇ ಅವನ್ನು ನಿಷೇಧಿಸಲು ದೇಶಗಳು ಪ್ರತ್ಯೇಕ ಪ್ರೋಟೋಕಾಲ್ ಬರೆದವು. ಅದನ್ನು ಭಾರತವೂ ಒಪ್ಪಿದೆ.

ಅವಳು ತಡವರಿಸಿದ್ದು ಮೂರನೇ ಪ್ರಶ್ನೆಗೆ. ಜಿನೀವಾದ ಚರ್ಚೆ ಸರ್ವಸಮ್ಮತಿಯ ನಿಯಮದ ಮೇಲೆ ನಡೆಯುತ್ತದೆ, ಒಬ್ಬರು ಬೇಡವೆಂದರೂ ಗಾಡಿ ಮುಂದೆ ಹೋಗದು. ಹೊರಗೆ ಒಪ್ಪಂದ ಮಾಡಿಕೊಂಡರೆ ದೊಡ್ಡ ದೇಶಗಳು ಬಂದಾವೆಯೇ? 1997ರ ನೆಲಬಾಂಬ್ ನಿಷೇಧ ಒಪ್ಪಂದ ಆದದ್ದು ಹಾಗೆಯೇ. ಅಮೆರಿಕ, ರಷ್ಯಾ, ಚೀನಾ, ಭಾರತ ಅದಕ್ಕೆ ಸೇರಲಿಲ್ಲ. ಸೇರಿದ್ದ ಫಿನ್ಲೆಂಡ್, ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳು ರಷ್ಯಾದ ಭಯದಿಂದ 2025ರಲ್ಲಿ ಹೊರನಡೆಯಲು ತೀರ್ಮಾನಿಸಿದವು. ಮೇಲಾಗಿ ನೆಲಬಾಂಬನ್ನು ಅಗೆದು ಎಣಿಸಬಹುದು. ಒಂದೇ ಡ್ರೋನ್ ಇವತ್ತು ಮನುಷ್ಯರ ಅಪ್ಪಣೆ ಕಾಯುತ್ತದೆಯೋ, ನಾಳೆ ಹೊಸ ತಂತ್ರಾಂಶ ಹಾಕಿಕೊಂಡು ತಾನೇ ಹೊಡೆಯುತ್ತದೆಯೋ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅವಳು ಅದನ್ನು ಒಪ್ಪಿಕೊಂಡಳು. ದಾಳಿಯ ದಾಖಲೆಯನ್ನು ಕಡ್ಡಾಯವಾಗಿ ಕಾಪಿಡುವ ನಿಯಮ ಸೇರಿಸಬಹುದು ಎಂದಷ್ಟೇ ಹೇಳಿ ಕುಳಿತಳು.

ಸಂಜೆ ನಿರ್ಣಯದ ಪಠ್ಯ ಸಿದ್ಧವಾಯಿತು. 'ದಾಳಿಯ ಮೇಲೆ ಮನುಷ್ಯರ ನಿಯಂತ್ರಣ ಇರತಕ್ಕದ್ದು' ಎಂದು ಅವಳು ಬರೆದಿದ್ದ ಸಾಲಿಗೆ ಇನ್ನೊಬ್ಬ ಪ್ರತಿನಿಧಿ ತಿದ್ದುಪಡಿ ತಂದ: 'ಸಾಧ್ಯವಾದ ಮಟ್ಟಿಗೆ'. ಮತ ಹೆಚ್ಚು ಬೀಳಲಿ ಎಂಬುದು ಅವನ ಲೆಕ್ಕ. ತಿದ್ದುಪಡಿ ಅಂಗೀಕಾರವಾಯಿತು, ನಿರ್ಣಯವೂ ಭಾರಿ ಬಹುಮತದಿಂದ ಗೆದ್ದಿತು. ಎಲ್ಲರೂ ಕೈ ಕುಲುಕಿದರು.

ರಾತ್ರಿ ಫೋನ್ ಮಾಡಿದಾಗ ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಮಾಮಾ, ಆ ಪೇಟ್ರಿಯಟ್ ಸಿಬ್ಬಂದಿಯೂ ಸಾಧ್ಯವಾದ ಮಟ್ಟಿಗೆ ನಿಯಂತ್ರಣ ಇಟ್ಕೊಂಡಿದ್ರಲ್ಲಾ?" ಎಂದಳು.