'ಕಂಪ್ರೈಸ್ಡ್ ಆಫ್' ಕಂಡರೆ ಸಂಪಾದಕರ ಪೆನ್ನು ಏಕೆ ಏಳುತ್ತದೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರಯನ್ ಹೆಂಡರ್ಸನ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾರೆ. 2007ರಲ್ಲಿ ಅವರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಕೆಲಸ ಶುರುಮಾಡಿದರು. 'ಕಂಪ್ರೈಸ್ಡ್ ಆಫ್' ಎಂಬ ಪ್ರಯೋಗ ಎಲ್ಲಿದ್ದರೂ ಹುಡುಕಿ, ಆ ವಾಕ್ಯವನ್ನು ಕೈಯಾರೆ ಓದಿ ತಿದ್ದುವುದೇ ಆ ಕೆಲಸ. 2015ರಲ್ಲಿ ಅವರ ಬಗ್ಗೆ ಲೇಖನವೊಂದು ಪ್ರಕಟವಾಗುವ ಹೊತ್ತಿಗೆ ತಿದ್ದುಪಡಿಗಳು ಸುಮಾರು 47,000 ಆಗಿದ್ದವು. ಆ ಪ್ರಯೋಗ ಏಕೆ ತಪ್ಪು ಎಂದು ವಿವರಿಸುವ ದೀರ್ಘ ಬರಹವನ್ನೂ ಅವರು ಬರೆದಿಟ್ಟಿದ್ದರು. ಎರಡೇ ಪದಗಳ ಬಗ್ಗೆ ಇಷ್ಟು ಹಟ ಏಕೆಂದು ತಿಳಿಯಬೇಕಾದರೆ ಮೂರು ಕ್ರಿಯಾಪದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಕಂಪ್ರೈಸ್, ಕಂಪೋಸ್, ಕನ್ಸಿಸ್ಟ್ ಆಫ್. ಮೂರೂ ಒಂದು ಇಡಿಗೂ ಅದರ ಬಿಡಿ ಭಾಗಗಳಿಗೂ ಇರುವ ಸಂಬಂಧವನ್ನೇ ಹೇಳುತ್ತವೆ. ಆದರೆ ವಾಕ್ಯದಲ್ಲಿ ಕರ್ತೃವಿನ ಜಾಗದಲ್ಲಿ ಯಾರು ಕೂರುತ್ತಾರೆ ಎಂಬುದು ಬೇರೆ ಬೇರೆ. ಕಂಪ್ರೈಸ್ ಹುಟ್ಟಿದ್ದು ಹಿಡಿದುಕೊಳ್ಳು, ಒಳಗೆ ಸೇರಿಸಿಕೊಳ್ಳು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ. ಹಾಗಾಗಿ ಅದರ ಕರ್ತೃ ಇಡಿಯೇ: 'ಕರ್ನಾಟಕ ಕಂಪ್ರೈಸಸ್ 31 ಡಿಸ್ಟ್ರಿಕ್ಟ್ಸ್'. ಅಂದರೆ ಕರ್ನಾಟಕ 31 ಜಿಲ್ಲೆಗಳನ್ನು ಒಳಗೊಂಡಿದೆ. ಕಂಪೋಸ್ ಎಂದರೆ ಒಟ್ಟಿಗೆ ಇಡು, ರಚಿಸು. ಇಲ್ಲಿ ಕರ್ತೃ ಬಿಡಿ ಭಾಗಗಳು: 31 ಜಿಲ್ಲೆಗಳು ಸೇರಿ ಕರ್ನಾಟಕವನ್ನು ರಚಿಸುತ್ತವೆ. ಇದನ್ನು ಕರ್ಮಣಿಗೆ ತಿರುಗಿಸಿದರೆ 'ಕರ್ನಾಟಕ ಈಸ್ ಕಂಪೋಸ್ಡ್ ಆಫ್ 31 ಡಿಸ್ಟ್ರಿಕ್ಟ್ಸ್' ಆಗುತ್ತದೆ, ಅದು ಸರಿಯೇ. ಕನ್ಸಿಸ್ಟ್ ಆಫ್‌ಗೆ ಮತ್ತೆ ಇಡಿಯೇ ಕರ್ತೃ, ಆದರೆ ಅದಕ್ಕೆ ಕರ್ಮಣಿ ರೂಪವೇ ಇಲ್ಲ. 'ಈಸ್ ಕನ್ಸಿಸ್ಟೆಡ್ ಆಫ್' ಎಂದು ಯಾರೂ ಬರೆಯುವುದಿಲ್ಲ.

ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆಗಳಿವೆ. ಒಂದನೇ ವಿಧಿಯ ಮೂರನೇ ಖಂಡ ಭಾರತದ ಭೂಪ್ರದೇಶದಲ್ಲಿ ಏನೇನು ಸೇರಿದೆ ಎಂದು ಹೇಳುತ್ತದೆ: ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು, ಮುಂದೆ ಸ್ವಾಧೀನಕ್ಕೆ ಬರಬಹುದಾದ ಪ್ರದೇಶಗಳು. ಅಲ್ಲಿರುವ ಕ್ರಿಯಾಪದ ಕಂಪ್ರೈಸ್. ಕರ್ತೃ ಭೂಪ್ರದೇಶ, ಅಂದರೆ ಇಡಿ. ಅದರ ಬೆನ್ನಿಗೆ 'ಆಫ್' ಇಲ್ಲ. ಸಂಸತ್ತಿನ ರಚನೆಯನ್ನು ಹೇಳುವ 79ನೇ ವಿಧಿ ರಾಷ್ಟ್ರಪತಿ ಮತ್ತು ಎರಡು ಸದನಗಳನ್ನು ಹೆಸರಿಸುವಾಗ ಕನ್ಸಿಸ್ಟ್ ಆಫ್ ಬಳಸುತ್ತದೆ. ಸದನಗಳಲ್ಲಿ ಯಾರ್‍ಯಾರು ಇರಬೇಕೆಂದು ಹೇಳುವ 80 ಮತ್ತು 81ನೇ ವಿಧಿಗಳ ತಲೆಬರಹದಲ್ಲಿ ಕಂಪೋಸ್‌ನಿಂದ ಬಂದ 'ಕಂಪೋಸಿಷನ್' ಇದೆ. ಮೂರು ಪದಗಳೂ ತಂತಮ್ಮ ಜಾಗದಲ್ಲಿವೆ.

ಇನ್ನು ತಕರಾರಿನ ವಿಷಯ. ಇಡಿ ಬಿಡಿಗಳನ್ನು ಒಳಗೊಂಡರೆ, ಕರ್ಮಣಿಯಲ್ಲಿ ಕರ್ತೃವಿನ ಜಾಗಕ್ಕೆ ಬರಬೇಕಾದದ್ದು ಬಿಡಿಗಳು: ಜಿಲ್ಲೆಗಳು ಕರ್ನಾಟಕದಲ್ಲಿ ಒಳಗೊಳ್ಳಲ್ಪಟ್ಟಿವೆ ಎಂಬಂತೆ. ಆದರೆ 'ಕರ್ನಾಟಕ ಈಸ್ ಕಂಪ್ರೈಸ್ಡ್ ಆಫ್ 31 ಡಿಸ್ಟ್ರಿಕ್ಟ್ಸ್' ಎಂದಾಗ ಕ್ರಿಯಾಪದ ತಿರುಗಿದರೂ ಇಡಿ ಕೂತ ಜಾಗ ಬಿಟ್ಟು ಎದ್ದಿಲ್ಲ. ಸಂಪಾದಕರ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಎಂಬುದು ಕನ್ನಡದವರಿಗೆ ಸುಲಭವಾಗಿ ತಿಳಿಯುತ್ತದೆ. 'ಜಿಲ್ಲೆಗಳನ್ನು ಒಳಗೊಂಡಿದೆ' ಸರಿ, 'ಜಿಲ್ಲೆಗಳಿಂದ ಕೂಡಿದೆ' ಸರಿ. 'ಜಿಲ್ಲೆಗಳಿಂದ ಒಳಗೊಂಡಿದೆ' ಎಂದರೆ ವಿಭಕ್ತಿ ಒಂದು ಕ್ರಿಯಾಪದದ್ದು, ಕ್ರಿಯಾಪದ ಇನ್ನೊಂದು. ಇಂಗ್ಲಿಷಿನಲ್ಲಿ ಆಗಿರುವುದೂ ಇಂಥದ್ದೇ ಕಲಬೆರಕೆ. ಎರಡೂ 'ಕಂ' ಎಂದು ಶುರುವಾಗಿ 'ಜ್' ದನಿಯಲ್ಲಿ ಮುಗಿಯುವ ಪದಗಳಾದ್ದರಿಂದ ಕಂಪೋಸ್ಡ್ ಆಫ್‌ನ ಬಾಲ ಕಂಪ್ರೈಸ್‌ಗೆ ಅಂಟಿಕೊಂಡಿತು.

ಇದು ಇತ್ತೀಚೆಗೆ ಬಂದ ಕೆಟ್ಟ ಚಾಳಿ ಎಂದುಕೊಳ್ಳಬಾರದು. ಬಿಡಿಗಳನ್ನು ಕರ್ತೃವಾಗಿಸಿ ಕಂಪ್ರೈಸ್ ಬಳಸುವ ರೂಢಿ ಇನ್ನೂರು ವರ್ಷಗಳಿಗೂ ಹಳೆಯದೆಂದು ಮೆರಿಯಂ-ವೆಬ್‌ಸ್ಟರ್ ನಿಘಂಟು ಹೇಳುತ್ತದೆ. ಅಷ್ಟೂ ಕಾಲ ಬಳಕೆಯಲ್ಲಿದ್ದರೂ ಅದನ್ನು ತಪ್ಪೆಂದು ಖಂಡಿಸುವವರು ಇಂದಿಗೂ ಇದ್ದಾರೆ ಎಂಬುದನ್ನೂ ಅದೇ ನಿಘಂಟು ದಾಖಲಿಸಿದೆ. ಅಮೆರಿಕನ್ ಹೆರಿಟೇಜ್ ನಿಘಂಟಿನವರು ಬರಹಗಾರರ, ವಿದ್ವಾಂಸರ ಒಂದು ಮಂಡಳಿಯನ್ನು ಆಗಾಗ ಕೇಳಿ ನೋಡುತ್ತಿದ್ದರು. 1960ರ ದಶಕದಲ್ಲಿ ಮಂಡಳಿಯ ಶೇ 53ರಷ್ಟು ಮಂದಿ ಈ ಪ್ರಯೋಗವನ್ನು ಒಪ್ಪಲಿಲ್ಲ. 1996ಕ್ಕೆ ಒಪ್ಪದವರು ಶೇ 35ಕ್ಕೆ ಇಳಿದಿದ್ದರು. ಸಮರ್ಥಿಸುವವರ ವಾದದಲ್ಲೂ ತೂಕವಿದೆ. ಒಬ್ಬನಲ್ಲಿ ಧೈರ್ಯವಿದೆ ಎನ್ನಲು ಇಂಗ್ಲಿಷಿನಲ್ಲಿ 'ಪೊಸೆಸ್ಡ್ ಆಫ್' ಎನ್ನುವುದುಂಟು. ಅಲ್ಲಿಯೂ ರೂಪ ಕರ್ಮಣಿಯದ್ದು, ಹೊಂದಿರುವವನು ಮಾತ್ರ ಕರ್ತೃವಾಗಿಯೇ ಉಳಿಯುತ್ತಾನೆ. ಅದನ್ನು ಯಾರೂ ತಿದ್ದುವುದಿಲ್ಲ.

ಪದದ ಆಯ್ಕೆ ನಿಜಕ್ಕೂ ದುಬಾರಿಯಾಗುವುದು ಪೇಟೆಂಟ್ ಕಾನೂನಿನಲ್ಲಿ. ಅಮೆರಿಕದ ಪೇಟೆಂಟ್ ಭಾಷೆಯಲ್ಲಿ 'ಕಂಪ್ರೈಸಿಂಗ್' ತೆರೆದ ಪದ: ಹೇಳಿದ ಭಾಗಗಳು ಇರಲೇಬೇಕು, ಇನ್ನೂ ಕೆಲವು ಸೇರಿದರೂ ಹಕ್ಕು ತಪ್ಪುವುದಿಲ್ಲ. 'ಕನ್ಸಿಸ್ಟಿಂಗ್ ಆಫ್' ಮುಚ್ಚಿದ ಪದ: ಹೇಳಿದ್ದಷ್ಟೇ, ಹೆಚ್ಚಿನದಕ್ಕೆ ಜಾಗವಿಲ್ಲ. ಜಿಲೆಟ್ ಕಂಪನಿ ಮೂರು ಬ್ಲೇಡಿನ ರೇಜರ್‌ಗೆ ಪೇಟೆಂಟ್ ಪಡೆದಿತ್ತು. ಅದರ ಹಕ್ಕುವಾಕ್ಯದಲ್ಲಿ ಒಂದನೇ, ಎರಡನೇ, ಮೂರನೇ ಬ್ಲೇಡುಗಳ ಹೆಸರಿತ್ತು. ಅವನ್ನು ಸೇರಿಸಿದ್ದ ಪದ ಕಂಪ್ರೈಸಿಂಗ್. ಎನರ್ಜೈಸರ್ ಕಂಪನಿ ನಾಲ್ಕು ಬ್ಲೇಡಿನ 'ಕ್ವಾಟ್ರೊ' ಮಾರಿದಾಗ ಜಿಲೆಟ್ ಮೊಕದ್ದಮೆ ಹೂಡಿತು. ಹಕ್ಕು ಮೂರು ಬ್ಲೇಡಿಗಷ್ಟೇ ಸೀಮಿತ ಎಂದು ಕೆಳ ನ್ಯಾಯಾಲಯ ಓದಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಓದನ್ನು ಒಪ್ಪದೆ, ಪದ ತೆರೆದದ್ದಾದ್ದರಿಂದ ನಾಲ್ಕು ಬ್ಲೇಡಿನ ರೇಜರ್ ಕೂಡ ಹಕ್ಕಿನ ವ್ಯಾಪ್ತಿಗೆ ಬರಬಲ್ಲದು ಎಂದಿತು. ಜಿಲೆಟ್ ವಕೀಲರು ಅಂದು ಕನ್ಸಿಸ್ಟಿಂಗ್ ಆಫ್ ಎಂದು ಬರೆದಿದ್ದರೆ ಆ ವಾದಕ್ಕೆ ನೆಲೆಯೇ ಇರುತ್ತಿರಲಿಲ್ಲ.

ಸಾಮಾನ್ಯ ಬರವಣಿಗೆಯಲ್ಲಿ ಮಾತ್ರ ಕಂಪ್ರೈಸ್‌ಗೆ ಈ ತೆರೆದ ಗುಣವಿಲ್ಲ. ಪತ್ರಿಕೆಗಳ ಶೈಲಿ ಕೈಪಿಡಿಗಳ ಪ್ರಕಾರ ಅದರ ಮುಂದೆ ಎಲ್ಲ ಭಾಗಗಳೂ ಬರಬೇಕು. ಐದು ಸದಸ್ಯರ ಸಮಿತಿಯಲ್ಲಿ ಇಬ್ಬರನ್ನಷ್ಟೇ ಹೆಸರಿಸುವುದಾದರೆ ಅಲ್ಲಿಗೆ ಒಪ್ಪುವ ಪದ 'ಇನ್‌ಕ್ಲೂಡ್ಸ್'.

ಹಾಗಾದರೆ ಇಂಗ್ಲಿಷಿನಲ್ಲಿ ಅರ್ಜಿ, ವರದಿ, ಪ್ರಬಂಧ ಬರೆಯುವವರು ಏನು ಮಾಡಬೇಕು? 'ದಿ ಕಮಿಟಿ ಈಸ್ ಕಂಪ್ರೈಸ್ಡ್ ಆಫ್ ಫೈವ್ ಮೆಂಬರ್ಸ್' ಎಂಬ ವಾಕ್ಯ ನಿಮ್ಮ ಕರಡಿನಲ್ಲಿದೆ ಎನ್ನಿ. 'ಈಸ್', 'ಆಫ್' ಎರಡನ್ನೂ ಹೊಡೆದುಹಾಕಿ 'ಕಂಪ್ರೈಸಸ್' ಎನ್ನಬಹುದು. ಅದು ಬಿಗಿಯಾಗಿ ಕೇಳಿಸಿದರೆ 'ಕನ್ಸಿಸ್ಟ್ಸ್ ಆಫ್'. ಆಡುಮಾತಿಗೆ ಹತ್ತಿರವಿರಬೇಕೆಂದರೆ 'ಹ್ಯಾಸ್ ಫೈವ್ ಮೆಂಬರ್ಸ್'. ಸಮಿತಿಯ ವಿಷಯದಲ್ಲಿ ಬಹಳ ಸಲ ಇದೇ ಎಲ್ಲಕ್ಕಿಂತ ಚೆನ್ನ. ಮೂರರಲ್ಲಿ ಯಾವುದನ್ನು ಆರಿಸಿದರೂ ವಾಕ್ಯ ಚಿಕ್ಕದಾಗುತ್ತದೆ, ಅರ್ಥ ಒಂದಿಷ್ಟೂ ಕಳೆಯುವುದಿಲ್ಲ. ಕಂಪ್ರೈಸ್ಡ್ ಆಫ್ ಅನ್ನು ಬಿಡಿ ಎಂದು ನಾನು ಹೇಳುವುದಕ್ಕೆ ಇದೇ ಕಾರಣ. ಇತಿಹಾಸದ ದೃಷ್ಟಿಯಿಂದ ಅದು ಮಹಾಪರಾಧವೇನಲ್ಲ. ಆದರೆ ಅದರಿಂದ ಬರೆಯುವವರಿಗೆ ಲಾಭವಿಲ್ಲ, ಓದುವವರಲ್ಲಿ ಕೆಲವರ ಗಮನ ವಿಷಯ ಬಿಟ್ಟು ವ್ಯಾಕರಣದತ್ತ ಹೊರಳುವ ನಷ್ಟವಂತೂ ಇದೆ.