ವಿದೇಶ ಡೆಪ್ಯುಟೇಷನ್ ಪತ್ರ: ಹೊರಡುವ ತಾರೀಖು, ಮರಳುವ ತಾರೀಖು

ಕಂಪನಿಯೊಂದು ತನ್ನ ನೌಕರರನ್ನು ಗೊತ್ತಾದ ಅವಧಿಗೆ ವಿದೇಶದ ಸೋದರ ಸಂಸ್ಥೆಗೆ ಕಳುಹಿಸುವಾಗ ಕೊಡುವ ಕಾಗದ ಡೆಪ್ಯುಟೇಷನ್ ಪತ್ರ. ಇದು ಹೊಸ ನೇಮಕಾತಿ ಪತ್ರವಲ್ಲ. ಊರಿನಲ್ಲಿರುವ ನೌಕರಿ ಹಾಗೇ ಉಳಿಯುತ್ತದೆ, ಅದರ ಮೇಲೆ ತಾತ್ಕಾಲಿಕವಾದ ಕೆಲವು ಷರತ್ತುಗಳು ಬಂದು ಕೂರುತ್ತವೆ. ಎಲ್ಲಿಂದ ಎಲ್ಲಿಯವರೆಗೆ, ಯಾವ ಊರಿನ ಕಚೇರಿಯಲ್ಲಿ, ಯಾರ ಕೈಕೆಳಗೆ, ಎಷ್ಟು ಭತ್ಯೆಗೆ, ತೆರಿಗೆ ಯಾರ ತಲೆಗೆ, ಮರಳಿದ ಮೇಲೆ ಯಾವ ಹುದ್ದೆಗೆ ಎಂಬುದನ್ನು ಪತ್ರ ಹೇಳಬೇಕು. ಕೈಗೆ ಬಂದ ಪತ್ರದಲ್ಲಿ ಹೆಚ್ಚಿನವರು ಮೊದಲು ನೋಡುವುದು ಭತ್ಯೆಯ ಮೊತ್ತವನ್ನು. ಆದರೆ ನೌಕರರ ಜೇಬಿಗೆ ಅದಕ್ಕಿಂತ ದೊಡ್ಡ ಹೊಡೆತ ಕೊಡಬಲ್ಲವು ಪತ್ರದಲ್ಲಿರುವ ಎರಡು ತಾರೀಖುಗಳು. ಆ ತಾರೀಖುಗಳನ್ನು ನಿಶ್ಚಯಿಸುವುದು ಕಂಪನಿ, ಅವುಗಳ ಪರಿಣಾಮ ಬೀಳುವುದು ನೌಕರರ ಮೇಲೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಬೆಂಗಳೂರಿನಲ್ಲಿ ವಾಹನದ ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್ ಒಬ್ಬರನ್ನು ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿರುವ ಅದೇ ಸಮೂಹದ ಕಂಪನಿಗೆ 18 ತಿಂಗಳ ಮಟ್ಟಿಗೆ ಕಳುಹಿಸುತ್ತಾರೆ ಎಂದುಕೊಳ್ಳೋಣ. ಹೊರಡುವುದು 2026ರ ಸೆಪ್ಟೆಂಬರ್ 20ರಂದು, ಕೆಲಸ ಶುರುವಾಗುವುದು 21ಕ್ಕೆ, ಮುಗಿಯುವುದು 2028ರ ಮಾರ್ಚ್ 20ಕ್ಕೆ.

ಅವಧಿಯ ಕಲಮು ಈ ತಾರೀಖುಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. 'ಸುಮಾರು ಒಂದೂವರೆ ವರ್ಷ' ಅಥವಾ 'ಪ್ರಾಜೆಕ್ಟ್ ಮುಗಿಯುವವರೆಗೆ' ಎಂದು ಬರೆದರೆ ವೀಸಾ ಹಂತದಲ್ಲೇ ತೊಡಕಾಗುತ್ತದೆ. ಒಂದೇ ಸಮೂಹದ ಕಂಪನಿಗಳ ನಡುವೆ ವರ್ಗವಾಗುವವರಿಗೆ ಜರ್ಮನಿ ಐಸಿಟಿ ಕಾರ್ಡ್ ಕೊಡುತ್ತದೆ. ವ್ಯವಸ್ಥಾಪಕರು ಮತ್ತು ಪರಿಣತರಿಗೆ ಅದರ ಗರಿಷ್ಠ ಮಿತಿ 3 ವರ್ಷ. ಅರ್ಜಿದಾರರು ಅದಕ್ಕೂ ಮುಂಚೆ ಕನಿಷ್ಠ 6 ತಿಂಗಳು ಬಿಡುವಿಲ್ಲದೆ ಅದೇ ಕಂಪನಿಯಲ್ಲಿ ದುಡಿದಿರಬೇಕು. ಅರ್ಜಿಯ ಜೊತೆ ಕೊಡುವ ಕಾಗದಗಳಲ್ಲಿ ಕೆಲಸದ ಸ್ಥಳ, ಸ್ವರೂಪ ಮತ್ತು ಸಂಬಳದ ವಿವರ ಇರಬೇಕು. ಅವಧಿ ಮುಗಿದ ಮೇಲೆ ಯುರೋಪಿನ ಹೊರಗಿರುವ ತನ್ನ ಕಂಪನಿಗೆ ಮರಳಬಹುದು ಎಂಬುದಕ್ಕೂ ಪುರಾವೆ ಬೇಕು. ಅಂದರೆ ಮರಳಿ ಬರುವ ಷರತ್ತು ಕಂಪನಿ ದೊಡ್ಡ ಮನಸ್ಸು ಮಾಡಿ ಸೇರಿಸುವ ಮಾತಲ್ಲ, ಜರ್ಮನಿಯ ಕಾನೂನೇ ಅದನ್ನು ಕೇಳುತ್ತದೆ. ಈ ಕಲಮು ಮಸುಕಾಗಿರುವ ಪತ್ರವನ್ನು ತಿದ್ದಿಸಿಕೊಳ್ಳುವುದಕ್ಕೆ ನೌಕರರಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಇನ್ನು ಹಣದ ವಿಷಯ. ಸಾಮಾನ್ಯವಾಗಿ ಸಂಬಳ ಎರಡು ಭಾಗವಾಗುತ್ತದೆ: ಬೆಂಗಳೂರಿನಲ್ಲಿ ರೂಪಾಯಿಯಲ್ಲಿ ಮುಂದುವರಿಯುವ ಮೂಲ ಸಂಬಳ, ಅಲ್ಲಿನ ಜೀವನಕ್ಕೆ ಯೂರೋದಲ್ಲಿ ಕೊಡುವ ಭತ್ಯೆ. ಭತ್ಯೆಯಲ್ಲೂ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಬರೆಯಬೇಕು. ಪ್ರತಿ ತಿಂಗಳು ನಿಗದಿಯಾಗಿ ಕೈಗೆ ಬರುವ ಹಣ ಒಂದು. ವಿಮಾನದ ಟಿಕೆಟ್, ಮೊದಲ ಕೆಲವು ವಾರದ ಹೋಟೆಲ್ ವಾಸ ಇವುಗಳಿಗೆ ರಸೀದಿ ಕೊಟ್ಟು ಪಡೆಯುವ ಖರ್ಚು ಇನ್ನೊಂದು. ಸ್ಥಳೀಯ ನೌಕರರಿಗಿಂತ ಕಡಿಮೆ ಸಂಬಳಕ್ಕೆ ಯಾರನ್ನೂ ಕರೆತರುತ್ತಿಲ್ಲ ಎಂದು ಅಲ್ಲಿನ ಅಧಿಕಾರಿಗಳು ಪರಿಶೀಲಿಸುವಾಗ ಖರ್ಚಿನ ಮರುಪಾವತಿಯನ್ನು ಸಂಬಳದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮೊತ್ತದ ಪಕ್ಕದಲ್ಲಿ ಅದು ತೆರಿಗೆ ಕಳೆಯುವ ಮುಂಚಿನದೋ ಕಳೆದ ಮೇಲಿನದೋ ಎಂಬುದೂ ಇರಬೇಕು. ಕಂಪನಿ ಮನೆ ಬಾಡಿಗೆ ಕಟ್ಟಿದರೆ ಅದನ್ನೂ ಸಂಬಳದ ಭಾಗವೆಂದೇ ನೋಡಿ ತೆರಿಗೆ ಹಾಕುವ ಸಂದರ್ಭಗಳುಂಟು. ಆ ತೆರಿಗೆ ಯಾರದು ಎಂದು ಬರೆಯದಿದ್ದರೆ ಪುಕ್ಕಟೆ ಎಂದುಕೊಂಡ ಮನೆಗೆ ವರ್ಷದ ಕೊನೆಯಲ್ಲಿ ಬಿಲ್ ಬರುತ್ತದೆ.

ಭವಿಷ್ಯ ನಿಧಿಯ ವಿಷಯದಲ್ಲಿ ಭಾರತ ಮತ್ತು ಜರ್ಮನಿಯ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿದೆ. 2017ರ ಮೇ 1ರಿಂದ ಜಾರಿಯಲ್ಲಿರುವ ಈ ಒಪ್ಪಂದದಂತೆ, ಭಾರತದ ಕಂಪನಿ ಕಳುಹಿಸಿದ ನೌಕರರು 48 ತಿಂಗಳವರೆಗೆ ಇಲ್ಲಿನ ಪಿಎಫ್‌ನಲ್ಲೇ ಮುಂದುವರಿಯಬಹುದು. ಜರ್ಮನಿಯ ಪಿಂಚಣಿ ವಿಮೆಗೆ ವಂತಿಗೆ ಕಟ್ಟಬೇಕಿಲ್ಲ. ಅಲ್ಲಿ ಆ ವಂತಿಗೆ ಸಂಬಳದ 18.6%, ಅದರಲ್ಲಿ ಅರ್ಧ ನೌಕರರದು. ಈ ವಿನಾಯಿತಿಗೆ ಬೇಕಾದ ಸರ್ಟಿಫಿಕೇಟ್ ಆಫ್ ಕವರೇಜ್ ಅನ್ನು ಇಪಿಎಫ್‌ಒ ಕೊಡುತ್ತದೆ, ಅರ್ಜಿ ಕಂಪನಿಯ ಮೂಲಕವೇ ಹೋಗಬೇಕು. ಡೆಪ್ಯುಟೇಷನ್ ವಿಸ್ತರಣೆಯಾದಾಗ ಈ ಪ್ರಮಾಣಪತ್ರದ ಅವಧಿಯನ್ನೂ ವಿಸ್ತರಿಸಬೇಕು. ಆರೋಗ್ಯ ವಿಮೆಗೆ ಈ ಪ್ರಮಾಣಪತ್ರ ಬದಲಿಯಲ್ಲ. ಅದನ್ನು ಕಂಪನಿಯೇ ಮಾಡಿಸುತ್ತದೆಯೇ, ಹೆಂಡತಿ ಮಕ್ಕಳೂ ಅದರಲ್ಲಿ ಸೇರುತ್ತಾರೆಯೇ ಎಂಬುದು ಪತ್ರದಲ್ಲಿರಬೇಕು.

ಎಲ್ಲಕ್ಕಿಂತ ಗೋಜಲಾದದ್ದು ತೆರಿಗೆ. ಇಲ್ಲೇ ಹೊರಡುವ ತಾರೀಖು ಆಟವನ್ನು ಬದಲಿಸುತ್ತದೆ. ಕೆಲಸಕ್ಕಾಗಿ ವಿದೇಶಕ್ಕೆ ಹೊರಡುವ ಭಾರತೀಯ ಪ್ರಜೆ ಆ ವರ್ಷ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ನಿವಾಸಿ. ಅದಕ್ಕಿಂತ ಕಡಿಮೆಯಾದರೆ ಅನಿವಾಸಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ಲೆಕ್ಕ ಹಾಗೇ ಇದೆ. ಏಪ್ರಿಲ್ 1ರಿಂದ ಎಣಿಸಿದರೆ 182ನೇ ದಿನ ಸೆಪ್ಟೆಂಬರ್ 29. ನಮ್ಮ ಎಂಜಿನಿಯರ್ ಸೆಪ್ಟೆಂಬರ್ 20ರಂದು ಹೊರಟರೆ 173 ದಿನವಾಗುತ್ತದೆ, ಅವರು ಅನಿವಾಸಿ. ವೀಸಾ ತಡವಾಗಿಯೋ ಪ್ರಾಜೆಕ್ಟ್ ಮುಂದೂಡಿಯೋ ಅಕ್ಟೋಬರ್ 10ಕ್ಕೆ ಹೊರಟರೆ 193 ದಿನವಾಗುತ್ತದೆ, ಅವರು ನಿವಾಸಿ. ನಿವಾಸಿಯ ಮಟ್ಟಿಗೆ ಜಗತ್ತಿನ ಎಲ್ಲಿ ಗಳಿಸಿದ್ದಕ್ಕೂ ಭಾರತದಲ್ಲಿ ಲೆಕ್ಕ ಕೊಡಬೇಕು. ಹಾಗಾಗಿ ಮಾರ್ಚ್‌ವರೆಗೆ ಜರ್ಮನಿಯಲ್ಲಿ ದುಡಿದ ಯೂರೋಗಳೂ ಇಲ್ಲಿನ ರಿಟರ್ನ್‌ಗೆ ಬರುತ್ತವೆ. ಮೂರು ವಾರದ ವಿಳಂಬಕ್ಕೆ ಅರ್ಧ ವರ್ಷದ ವಿದೇಶಿ ಸಂಬಳ ತೆರಿಗೆಯ ತಕ್ಕಡಿಗೆ ಬೀಳುತ್ತದೆ.

ಜರ್ಮನಿಯೂ ತನ್ನ ಪಾಲು ಕೇಳುತ್ತದೆ. ಅಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ 183 ದಿನದ ವಿನಾಯಿತಿ ಇದೆ ಎಂದು ಕೇಳಿದವರು 2026ರಲ್ಲಿ ಅಲ್ಲಿರುವುದು 102 ದಿನ ಮಾತ್ರ, ತೆರಿಗೆ ಬೀಳದು ಎಂದು ನಿಶ್ಚಿಂತರಾಗುತ್ತಾರೆ. ದಿನಗಳ ಲೆಕ್ಕ ಆ ವಿನಾಯಿತಿಯ ಒಂದು ಷರತ್ತು ಮಾತ್ರ. ಸಂಬಳದ ಹೊರೆಯನ್ನು ಸ್ಟಟ್‌ಗಾರ್ಟ್‌ನ ಕಂಪನಿ ಹೊತ್ತರೆ, ಅಂದರೆ ಬೆಂಗಳೂರಿನವರು ಸಂಬಳ ಕೊಟ್ಟು ಆಮೇಲೆ ಅದನ್ನು ಅಲ್ಲಿಂದ ವಸೂಲು ಮಾಡಿಕೊಂಡರೆ, ಮೊದಲ ದಿನದಿಂದಲೇ ಜರ್ಮನಿ ತೆರಿಗೆ ಹಾಕಬಹುದು. ಆದ್ದರಿಂದ ಸಂಬಳದ ವೆಚ್ಚ ಯಾವ ಕಂಪನಿಯ ಪುಸ್ತಕಕ್ಕೆ ಹೋಗುತ್ತದೆ ಎಂಬುದನ್ನು ನೌಕರರೂ ತಿಳಿದಿರಬೇಕು.

ರೂಪಾಯಿ ಸಂಬಳಕ್ಕೂ ಒಂದು ಸಿಕ್ಕಿದೆ. ಅನಿವಾಸಿಯಾದರೂ ಭಾರತದ ಬ್ಯಾಂಕ್ ಖಾತೆಗೆ ನೇರವಾಗಿ ಬಂದ ಸಂಬಳ 'ಭಾರತದಲ್ಲಿ ಪಡೆದ ಆದಾಯ' ಆಗುತ್ತದೆ, ಅದಕ್ಕೆ ಕಂಪನಿ ಟಿಡಿಎಸ್ ಕಡಿಯುತ್ತದೆ. ಅದೇ ಹಣಕ್ಕೆ ಜರ್ಮನಿಯಲ್ಲೂ ತೆರಿಗೆ ಬೀಳಬಹುದು. ಒಪ್ಪಂದದ ರಕ್ಷಣೆ ಪಡೆದು ಅದನ್ನು ವಾಪಸ್ ತರಿಸಿಕೊಳ್ಳಬಹುದು, ಆದರೆ ಅದಕ್ಕೆ ಜರ್ಮನಿಯ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ ಬೇಕು, ರಿಟರ್ನ್ ಸಲ್ಲಿಸಬೇಕು, ಮರುಪಾವತಿಗೆ ಕಾಯಬೇಕು. ಅಷ್ಟು ದಿನ ಕೈಯಿಂದ ಹೋಗಿರುವ ಹಣ ನೌಕರರದು.

ಈ ತೊಡಕನ್ನು ಕಂಪನಿಗಳು ಬಿಡಿಸುವ ಒಂದು ದಾರಿ ತೆರಿಗೆ ಸಮೀಕರಣ. ನೌಕರರು ಬೆಂಗಳೂರಿನಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಕಟ್ಟುತ್ತಿದ್ದರೋ ಅಷ್ಟನ್ನು ಕಾಲ್ಪನಿಕ ತೆರಿಗೆಯೆಂದು ಸಂಬಳದಿಂದ ಹಿಡಿದು, ಎರಡೂ ದೇಶಗಳ ನಿಜವಾದ ತೆರಿಗೆಯನ್ನು ಕಂಪನಿಯೇ ಕಟ್ಟುತ್ತದೆ. ಹಾಗೆ ಮಾಡಿದಾಗ ತೆರಿಗೆ ಇಲಾಖೆಯಿಂದ ಬರುವ ಮರುಪಾವತಿ ಕಂಪನಿಗೆ ಸೇರುತ್ತದೆ, ಅದು ನೌಕರರ ಖಾತೆಗೆ ಬಿದ್ದರೂ ಕೂಡ. ಕಲಮು ಹೀಗಿದ್ದರೆ ಸಾಕು: 'ನಿಯೋಜನೆಯ ಸಂಬಳ ಮತ್ತು ಭತ್ಯೆಗಳ ಮೇಲೆ ಭಾರತ ಹಾಗೂ ಜರ್ಮನಿಯಲ್ಲಿ ಬರುವ ತೆರಿಗೆಯಲ್ಲಿ ಕಾಲ್ಪನಿಕ ತೆರಿಗೆಯನ್ನು ಮೀರಿದ ಭಾಗವನ್ನು ಕಂಪನಿ ಭರಿಸುತ್ತದೆ. ಕಂಪನಿಯ ತೀರ್ಮಾನದಿಂದ ಹೊರಡುವ ಅಥವಾ ಮರಳುವ ತಾರೀಖು ಬದಲಾಗಿ ಹೆಚ್ಚುವರಿ ತೆರಿಗೆ ಬಂದರೂ ಇದು ಅನ್ವಯಿಸುತ್ತದೆ. ನೌಕರರು ಮರಳಿದ ನಂತರ ಬರುವ ನೋಟಿಸ್‌ಗಳಿಗೂ, ತೆರಿಗೆ ಸಲಹೆಗಾರರ ಶುಲ್ಕಕ್ಕೂ ಕಂಪನಿಯೇ ಹೊಣೆ.' ಕೊನೆಯ ವಾಕ್ಯವನ್ನು ಬಿಡಬಾರದು. 2028ರ ಮಾರ್ಚ್‌ಗೆ ಮರಳಿದವರ ಆ ವರ್ಷದ ಜರ್ಮನ್ ಲೆಕ್ಕ ಇತ್ಯರ್ಥವಾಗುವುದು 2029ರಲ್ಲೋ ಅದಾದ ಮೇಲೋ. ಅಷ್ಟರಲ್ಲಿ ಅವರು ಕಂಪನಿಯನ್ನೇ ಬಿಟ್ಟಿರಬಹುದು.

ಮರಳುವ ತಾರೀಖಿನದೂ ಇದೇ ಕಥೆ. 2028ರ ಮಾರ್ಚ್ 20ಕ್ಕೆ ಕೆಲಸ ಮುಗಿಸಿ ಮರುದಿನ ಬಂದಿಳಿದರೆ ಆ ತೆರಿಗೆ ವರ್ಷದಲ್ಲಿ ಭಾರತದಲ್ಲಿದ್ದದ್ದು 11 ದಿನ, ಅನಿವಾಸಿ ಸ್ಥಾನ ಉಳಿಯುತ್ತದೆ. ಪ್ರಾಜೆಕ್ಟ್ ಬೇಗ ಮುಗಿಯಿತೆಂದು ಕಂಪನಿ ಅವರನ್ನು ಜನವರಿ 1ಕ್ಕೇ ಕರೆಸಿಕೊಂಡರೆ 91 ದಿನವಾಗುತ್ತದೆ. ಮರಳಿ ನೆಲೆಸುವವರಿಗೆ 182 ದಿನದ ರಿಯಾಯಿತಿ ಇಲ್ಲ. ಆ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಭಾರತದಲ್ಲಿದ್ದರೆ ಸಾಕು, ನಿವಾಸಿಯಾಗುತ್ತಾರೆ. ಆಗ 2027ರ ಏಪ್ರಿಲ್‌ನಿಂದ ಜರ್ಮನಿಯಲ್ಲಿ ಗಳಿಸಿದ್ದನ್ನೂ ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ವಿನಾಯಿತಿ ಕೇಳಬೇಕಾಗುತ್ತದೆ.

ಬೇಗ ಕರೆಸಿಕೊಳ್ಳುವುದರಿಂದ ಮನೆಯ ಖರ್ಚೂ ಮೈಮೇಲೆ ಬರುತ್ತದೆ. ಜರ್ಮನಿಯಲ್ಲಿ ಬಾಡಿಗೆದಾರರು ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು, ಠೇವಣಿಯೂ ಮೂರು ತಿಂಗಳ ಬಾಡಿಗೆಯವರೆಗೆ ಇರಬಹುದು. 'ಹದಿನೈದು ದಿನದ ನೋಟಿಸ್ ಮೇಲೆ ನಿಯೋಜನೆ ರದ್ದುಪಡಿಸಬಹುದು' ಎಂದು ಪತ್ರ ಹೇಳಿ ಸುಮ್ಮನಾದರೆ ಉಳಿದ ಎರಡೂವರೆ ತಿಂಗಳ ಬಾಡಿಗೆ ನೌಕರರ ಜೇಬಿನಿಂದ ಹೋಗುತ್ತದೆ. ಅವಧಿಗೆ ಮುಂಚೆ ಕರೆಸಿಕೊಂಡರೆ ಒಪ್ಪಂದದ ಬಾಕಿ ಬಾಡಿಗೆ, ಮಕ್ಕಳ ಶಾಲೆಯ ಕಟ್ಟಿದ ಶುಲ್ಕ, ಸಾಮಾನು ಸಾಗಣೆ ಎಲ್ಲವೂ ಕಂಪನಿಯದು ಎಂದು ಬರೆಸಿಕೊಳ್ಳುವುದು ನ್ಯಾಯ.

ಮರಳಿದ ಮೇಲೆ ಹುದ್ದೆ, ದರ್ಜೆ ಮತ್ತು ಊರು ಯಾವುದೆಂದು ಪತ್ರ ಹೇಳಬೇಕು. ವಿದೇಶದಲ್ಲಿದ್ದ ತಿಂಗಳುಗಳನ್ನು ಗ್ರಾಚ್ಯುಟಿ, ಬಡ್ತಿ, ಇನ್‌ಕ್ರಿಮೆಂಟ್‌ಗೆ ಸತತ ಸೇವೆಯಾಗಿ ಎಣಿಸಬೇಕು. ಯೂರೋ ಭತ್ಯೆಯಲ್ಲಿದ್ದಾಗ ರೂಪಾಯಿ ಸಂಬಳದ ವಾರ್ಷಿಕ ಪರಿಷ್ಕರಣೆ ಮರೆತುಹೋಗುವುದು ಸಾಮಾನ್ಯ. ಮರಳಿದವರು ಒಂದೂವರೆ ವರ್ಷದ ಹಿಂದಿನ ಸಂಬಳಕ್ಕೆ ಬಂದು ಕೂರುತ್ತಾರೆ. ಕಾಗದದ ಮೇಲೆ ರೂಪಾಯಿ ಸಂಬಳ ಪ್ರತಿ ವರ್ಷ ಪರಿಷ್ಕೃತವಾಗುತ್ತದೆ ಎಂಬ ಒಂದು ಸಾಲು ಇದನ್ನು ತಪ್ಪಿಸುತ್ತದೆ.

ಕೊನೆಯದು ಬಾಂಡ್. ಮರಳಿದ ಮೇಲೆ ಇಂತಿಷ್ಟು ತಿಂಗಳು ಕೆಲಸ ಬಿಡಬಾರದು, ಬಿಟ್ಟರೆ ಹಣ ಕಟ್ಟಬೇಕು ಎಂಬ ಷರತ್ತು ನಿಲ್ಲುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಕನಿಷ್ಠ ಸೇವೆ ಮತ್ತು 2 ಲಕ್ಷ ರೂಪಾಯಿ ಪರಿಹಾರದ ಷರತ್ತನ್ನು ಎತ್ತಿಹಿಡಿದಿದೆ. ಅದು ನೇಮಕಾತಿಯ ಬಾಂಡ್, ಡೆಪ್ಯುಟೇಷನ್‌ನದಲ್ಲ. ಆದರೂ ನೌಕರಿಯಲ್ಲಿರುವಾಗಿನ ಇಂಥ ನಿರ್ಬಂಧ ತಾನಾಗಿಯೇ ಅಸಿಂಧುವಲ್ಲ ಎಂಬುದು ಅದರಿಂದ ಸ್ಪಷ್ಟ. ಮೊತ್ತ ಮಾತ್ರ ಕಂಪನಿಗೆ ಆದ ಖರ್ಚಿಗೆ ಹೊಂದುವಂತಿರಬೇಕು. ಹಾಗಾಗಿ ಬಾಂಡ್ ಬೇಡವೆಂದು ಜಗ್ಗುವುದಕ್ಕಿಂತ ಎರಡು ತಿದ್ದುಪಡಿ ಕೇಳುವುದು ಲೇಸು. ಪೂರೈಸಿದ ಪ್ರತಿ ತಿಂಗಳಿಗೆ ಮೊತ್ತ ಇಳಿಯುತ್ತಾ ಹೋಗಬೇಕು. ಕಂಪನಿಯೇ ಕೆಲಸದಿಂದ ತೆಗೆದರೆ ಅಥವಾ ಹೇಳಿದ ಹುದ್ದೆಯನ್ನು ಕೊಡದಿದ್ದರೆ ಬಾಂಡ್ ರದ್ದಾಗಬೇಕು. ಇವೆರಡನ್ನೂ ಸಹಿ ಹಾಕುವ ಮುನ್ನವೇ ಕೇಳಿ ಬರೆಸಿಕೊಳ್ಳಬೇಕು. ಸಹಿ ಬಿದ್ದ ಮೇಲೆ ತಿದ್ದುಪಡಿಗೆ ಕಂಪನಿಯ ಒಪ್ಪಿಗೆಯನ್ನೇ ಕಾಯಬೇಕಾಗುತ್ತದೆ.