ಎರಡು ಹುಬ್ಬಿನ ಮುಖ

ಅಮೆರಿಕದ ಎಂಐಟಿಯಲ್ಲಿ ಪವನ್ ಸಿನ್ಹಾ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಗೊತ್ತಿರುವ ಗಣ್ಯರ ಫೋಟೊಗಳಲ್ಲಿ ಒಮ್ಮೆ ಕಣ್ಣುಗಳನ್ನು ಅಳಿಸಿದರು, ಇನ್ನೊಮ್ಮೆ ಕಣ್ಣುಗಳನ್ನು ಬಿಟ್ಟು ಹುಬ್ಬುಗಳನ್ನು ಮಾತ್ರ ಅಳಿಸಿದರು. ಕಣ್ಣಿಲ್ಲದ ಮುಖಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಜನ ಗುರುತಿಸಿದರು. ಹುಬ್ಬಿಲ್ಲದ ಮುಖಗಳಲ್ಲಿ ಅರ್ಧದಷ್ಟನ್ನೂ ಗುರುತಿಸಲಾಗಲಿಲ್ಲ.

ಒಬ್ಬರ ಮೈಮೇಲೆ ಇನ್ನೊಬ್ಬರ ಮುಖ ಕೂರಿಸುವ ಸಿನಿಮಾ ತಂತ್ರಜ್ಞರಿಗೆ ಇದು ದಿನನಿತ್ಯದ ಅನುಭವ. ಡಾ. ವಿಷ್ಣುವರ್ಧನ್ ತೀರಿಕೊಂಡದ್ದು 2009ರಲ್ಲಿ. 2016ರ ‘ನಾಗರಹಾವು’ ಚಿತ್ರದಲ್ಲಿ ಅವರು ಮತ್ತೆ ತೆರೆಯ ಮೇಲೆ ಕಾಣಿಸಿಕೊಂಡರು, ಕಂಪ್ಯೂಟರಿನಲ್ಲಿ ಮರುಸೃಷ್ಟಿಯಾದ ಮುಖದೊಂದಿಗೆ. ಅಷ್ಟು ದೊಡ್ಡ ಸಾಹಸ ಅಪರೂಪ. ಹೆಚ್ಚಾಗಿ ನಡೆಯುವುದು ಫೈಟ್ ದೃಶ್ಯದ ಡೂಪ್‌ಗೆ ನಾಯಕಿಯ ಮುಖ ಕೊಡುವಂಥ ಕೆಲಸ. ಅಲ್ಲಿ ಮೂಗು, ಗಲ್ಲ, ತುಟಿಗಳೆಲ್ಲ ಸರಿಹೊಂದಿದ ಮೇಲೂ ಕಾಡುವುದು ಹುಬ್ಬು ಮತ್ತು ರೆಪ್ಪೆಗೂದಲು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಾಯಕಿಯದು ಥ್ರೆಡಿಂಗ್ ಮಾಡಿಸಿದ ತೆಳ್ಳನೆಯ ಹುಬ್ಬು, ನಡುವೆ ಎತ್ತರದ ಕಮಾನು. ಕಣ್ಣಿಗೆ ಕಾಡಿಗೆ ಬಿಟ್ಟರೆ ಬೇರೇನಿಲ್ಲ. ಡೂಪ್‌ನ ಹುಬ್ಬು ದಪ್ಪ, ನೇರ, ಕಣ್ಣಿಗೆ ಹತ್ತಿರ. ಬಾಲ ಕಿವಿಯ ಕಡೆಗೆ ಉದ್ದಕ್ಕೆ ಚಾಚಿದೆ. ರೆಪ್ಪೆಗೆ ಗಾಢವಾದ ಮಸ್ಕಾರಾ ಬೇರೆ. ಕಂಪ್ಯೂಟರ್ ಪ್ರೋಗ್ರಾಮ್ ನಾಯಕಿಯ ಸಾವಿರಾರು ಚಿತ್ರಗಳನ್ನು ನೋಡಿ ಅವಳ ಮುಖ ಬರೆಯುವುದನ್ನು ಕಲಿತಿರುತ್ತದೆ. ಡೂಪ್‌ನ ಪ್ರತಿ ಫ್ರೇಮ್ ನೋಡಿ, ಅದೇ ಭಾವದ ನಾಯಕಿಯ ಮುಖವನ್ನು ಬರೆಯುತ್ತದೆ. ಆ ಮುಖವನ್ನು ಅಂಚು ಮಸುಕಾಗಿಸಿದ ಮಾಸ್ಕ್ ಒಂದರ ಮೂಲಕ ಡೂಪ್‌ನ ಮುಖದ ಮೇಲೆ ಅಂಟಿಸಬೇಕು.

ತೊಂದರೆ ಶುರುವಾಗುವುದೇ ಈ ಅಂಚಿನಲ್ಲಿ. ಮಾಸ್ಕ್‌ನ ಮೇಲಂಚು ಸಾಮಾನ್ಯವಾಗಿ ಹುಬ್ಬಿನ ಸ್ವಲ್ಪ ಮೇಲೆ ಹಾದುಹೋಗುತ್ತದೆ. ಡೂಪ್‌ನ ತಗ್ಗು ಹುಬ್ಬಿಗೆ ಅಳತೆ ಮಾಡಿ ಕತ್ತರಿಸಿದರೆ ನಾಯಕಿಯ ಕಮಾನಿನ ನೆತ್ತಿ ಅಂಚಿಗೆ ಸಿಕ್ಕಿ ಅರ್ಧ ಅಳಿಸಿಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಪಾಡು: ಡೂಪ್‌ನ ಉದ್ದ ಬಾಲ ಮಾಸ್ಕ್‌ನ ಹೊರಗೇ ಉಳಿದು, ನಾಯಕಿಯ ಹುಬ್ಬು ಮುಗಿದ ಕಡೆ ಮತ್ತೊಂದು ಕಪ್ಪು ಎಳೆಯಾಗಿ ಇಣುಕುತ್ತದೆ. ಒಂದು ಕಣ್ಣಿಗೆ ಎರಡು ಹುಬ್ಬು! ಮಾಸ್ಕ್ ಹಿಗ್ಗಿಸಿದರೆ ಪರಿಹಾರ ಎನ್ನಿಸಬಹುದು. ಆದರೆ ಹಿಗ್ಗಿದಷ್ಟೂ ಹಣೆಯ ಬಣ್ಣ, ಮುಂಗುರುಳು, ಬೆವರಿನ ಹೊಳಪು ಎಲ್ಲವನ್ನೂ ಹೊಂದಿಸುವ ಹೊಣೆ ಹೆಗಲಿಗೇರುತ್ತದೆ.

ಅನುಭವಿಗಳು ಅದಕ್ಕಾಗಿ ಮೊದಲು ಅಳಿಸುತ್ತಾರೆ, ಆಮೇಲೆ ಅಂಟಿಸುತ್ತಾರೆ. ಡೂಪ್‌ನ ಹಣೆಯಿಂದ ಶುದ್ಧ ಚರ್ಮದ ತುಣುಕು ತೆಗೆದು, ಹುಬ್ಬಿನ ಮೇಲೆ ಹೊದಿಸಿ, ತಲೆಯ ಚಲನೆಗೆ ಅದನ್ನು ಟ್ರ್ಯಾಕ್ ಮಾಡಿ, ಮೊದಲು ಹುಬ್ಬಿಲ್ಲದ ಮುಖವನ್ನು ಸಿದ್ಧಪಡಿಸುತ್ತಾರೆ. ಅದರ ಮೇಲೆ ನಾಯಕಿಯ ಮುಖ ಬಂದಾಗ ಅಂಚಿನಡಿ ಇಣುಕಲು ಏನೂ ಇರುವುದಿಲ್ಲ. ಇಲ್ಲಿ ಎಚ್ಚರ ವಹಿಸಬೇಕಾದದ್ದು ನೆರಳಿನ ಬಗ್ಗೆ. ಹುಬ್ಬಿನಡಿಯ ಮೂಳೆ ಉಬ್ಬಿರುವುದರಿಂದ ಅಲ್ಲಿ ಬೆಳಕು ಬೀಳುವ ರೀತಿ ಹಣೆಯಂತಿರುವುದಿಲ್ಲ. ಹಣೆಯ ಚರ್ಮವನ್ನು ಹಾಗೆಯೇ ಅಂಟಿಸಿದರೆ ಆ ಜಾಗ ಚಪ್ಪಟೆಯಾಗಿ ಕಾಣುತ್ತದೆ. ಆದ್ದರಿಂದ ಚರ್ಮದ ನಯವನ್ನು ಹಣೆಯಿಂದ ತಂದು, ಬೆಳಕು ನೆರಳನ್ನು ಮೂಲ ಫ್ರೇಮಿನಿಂದಲೇ ಉಳಿಸಿಕೊಳ್ಳುತ್ತಾರೆ.

ಇನ್ನು ಹುಬ್ಬಿನ ಚಲನೆ. ಹುಬ್ಬು ಇರುವ ಜಾಗ ನಾಯಕಿಯದಾಗಬೇಕು, ಅದು ಏರಿಳಿಯುವ ರೀತಿ ಡೂಪ್‌ನದಾಗಬೇಕು. ಇವೆರಡನ್ನೂ ಬೆರೆಸಿಬಿಟ್ಟರೆ ಭಾವವೇ ಬದಲಾಗುತ್ತದೆ. ಡೂಪ್‌ನ ಹುಬ್ಬು ಸುಮ್ಮನಿದ್ದಾಗಲೂ ತಗ್ಗಿನಲ್ಲಿರುತ್ತದೆ. ಆ ಎತ್ತರವನ್ನೇ ನಾಯಕಿಗೆ ಕೊಟ್ಟರೆ ಅವಳು ಶಾಟ್ ಉದ್ದಕ್ಕೂ ಸಿಡುಕುತ್ತಿರುವಂತೆ ಕಾಣುತ್ತಾಳೆ. ಸರಿಯಾದ ದಾರಿ ಇದು: ಡೂಪ್ ನಿರ್ಭಾವವಾಗಿರುವ ಒಂದು ಫ್ರೇಮ್ ಆರಿಸಿ, ಉಳಿದ ಫ್ರೇಮ್‌ಗಳಲ್ಲಿ ಹುಬ್ಬು ಅಲ್ಲಿಂದ ಎಷ್ಟು ಸರಿದಿದೆ ಎಂದು ಅಳೆಯುತ್ತಾರೆ. ಆ ವ್ಯತ್ಯಾಸವನ್ನು ಮಾತ್ರ ನಾಯಕಿಯ ನಿರ್ಭಾವ ಹುಬ್ಬಿಗೆ ಕೂಡಿಸುತ್ತಾರೆ. ಸರಿಯಾಗಿದೆಯೇ ಎಂದು ಹಣೆ ನೋಡಿದರೆ ತಿಳಿಯುತ್ತದೆ. ಹಣೆ ಡೂಪ್‌ನದೇ ಆಗಿರುವುದರಿಂದ, ಹುಬ್ಬು ಏರಿದ ಕ್ಷಣದಲ್ಲೇ ಅಲ್ಲಿ ಅಡ್ಡಗೆರೆ ಮೂಡಬೇಕು. ಗೆರೆ ಮೊದಲು ಮೂಡಿ ಹುಬ್ಬು ತಡವಾಗಿ ಏರಿದರೆ ಎಲ್ಲೋ ಲೆಕ್ಕ ತಪ್ಪಿದೆ.

ಮೇಕಪ್ಪಿನ ವ್ಯತ್ಯಾಸ ಮುಖ್ಯವಾಗಿ ಕೆಡಿಸುವುದು ಕಲಿಕೆಯನ್ನು. ನಾಯಕಿಯ ಚಿತ್ರಗಳನ್ನು ಮದುವೆ ದೃಶ್ಯ, ಮಳೆಯ ಹಾಡು, ಸಂದರ್ಶನ ಎಂದು ಸಿಕ್ಕಸಿಕ್ಕಲ್ಲಿಂದ ಒಟ್ಟು ಮಾಡಿದರೆ ಒಂದರಲ್ಲಿ ದಟ್ಟ ಕಾಡಿಗೆ, ಇನ್ನೊಂದರಲ್ಲಿ ಬರಿಗಣ್ಣು, ಮತ್ತೊಂದರಲ್ಲಿ ಕೃತಕ ರೆಪ್ಪೆ ಇರುತ್ತದೆ. ಪ್ರೋಗ್ರಾಮ್ ಇವುಗಳ ಸರಾಸರಿಯಂಥದ್ದನ್ನು ಕಲಿಯುತ್ತದೆ. ರೆಪ್ಪೆಯಂಚಿನಲ್ಲಿ ಬೂದು ಬಣ್ಣದ ಕಲೆ ಮೂಡಿ, ಫ್ರೇಮಿನಿಂದ ಫ್ರೇಮಿಗೆ ಗಾಢವೂ ತೆಳುವೂ ಆಗುತ್ತ ಮಿನುಗುತ್ತದೆ. ಆ ದೃಶ್ಯದ ಮೇಕಪ್ಪಿನಲ್ಲೇ ಒಂದೇ ದಿನ ತೆಗೆದ ಚಿತ್ರಗಳು ಕಡಿಮೆ ಇದ್ದರೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವುಗಳಲ್ಲಿ ಕಣ್ಣು ಮುಚ್ಚಿದ, ಅರೆಮುಚ್ಚಿದ, ಕೆಳಗೆ ನೋಡುವ ಚಿತ್ರಗಳು ಇರಲೇಬೇಕು.

ರೆಪ್ಪೆಗೂದಲಿನ ಕಷ್ಟ ಒಂದು ಸಣ್ಣ ಲೆಕ್ಕದಿಂದ ಅರ್ಥವಾಗುತ್ತದೆ. ಒಂದು ಎಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಹಣೆಯಿಂದ ಗಲ್ಲದವರೆಗೆ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 256 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಮುಖ ಬರೆಯುವ ಪ್ರೋಗ್ರಾಮಿಗೆ ಒಂದು ಪಿಕ್ಸೆಲ್ ಎಂದರೆ ಸುಮಾರು 0.8 ಮಿಲಿಮೀಟರ್. ಎಳೆ ಪಿಕ್ಸೆಲ್ಲಿನ ಎಂಟನೇ ಒಂದು ಭಾಗ! ಅದು ರೆಪ್ಪೆಗೂದಲನ್ನು ಕಪ್ಪು ಪಟ್ಟಿಯಾಗಿ ಬರೆಯಬಲ್ಲುದೇ ಹೊರತು ಎಳೆ ಎಳೆಯಾಗಿ ಅಲ್ಲ. ಅದೇ, 4ಕೆ ಚಿತ್ರದ ಕ್ಲೋಸಪ್‌ನಲ್ಲಿ ಮುಖ 2000 ಪಿಕ್ಸೆಲ್ ಎತ್ತರಕ್ಕೆ ತುಂಬಿಕೊಂಡರೆ ಒಂದು ಎಳೆ ಒಂದು ಪಿಕ್ಸೆಲ್ ಆಗಿ ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕಾಣುತ್ತದೆ. ಪ್ರೋಗ್ರಾಮ್ ಕಾಣದ್ದನ್ನು ಪರದೆ ತೋರಿಸುತ್ತದೆ.

ದೂರದ ಶಾಟ್‌ಗೆ ಆ ಕಪ್ಪು ಪಟ್ಟಿಯೇ ಸಾಕು. ಕ್ಲೋಸಪ್‌ಗೆ ಎರಡು ದಾರಿಗಳಿವೆ. ಮೇಕಪ್ ಹತ್ತಿರ ಹತ್ತಿರ ಹೊಂದಿದರೆ ಡೂಪ್‌ನ ರೆಪ್ಪೆಗೂದಲನ್ನೇ ಚಿತ್ರದಿಂದ ಬೇರ್ಪಡಿಸಿ ಹೊಸ ಮುಖದ ಮೇಲೆ ಮತ್ತೆ ಇಡಬಹುದು. ನಮ್ಮ ಉದಾಹರಣೆಯಲ್ಲಿ ಗಾಢ ಮಸ್ಕಾರಾ ಇರುವುದರಿಂದ ಆ ದಾರಿ ಮುಚ್ಚಿದೆ. ಆಗ ಡೂಪ್‌ನ ಎಳೆಗಳನ್ನು ಅಳಿಸಿ, ಮೂರು ಆಯಾಮದ ರೆಪ್ಪೆಯೊಂದನ್ನು ಟ್ರ್ಯಾಕ್ ಮಾಡಿ, ಅದರ ಅಂಚಿನಲ್ಲಿ ಒಂದೊಂದೇ ಎಳೆ ನೆಡಬೇಕು. ಮೇಲ್ರೆಪ್ಪೆಯಲ್ಲಿ ಸಾಮಾನ್ಯವಾಗಿ ನೂರರ ಆಸುಪಾಸು ಎಳೆಗಳು, ಉದ್ದ 8ರಿಂದ 12 ಮಿಲಿಮೀಟರ್. ಕೆಳರೆಪ್ಪೆಯಲ್ಲಿ ಕಡಿಮೆ, ಗಿಡ್ಡ. ಎಲ್ಲವೂ ಒಂದೇ ಅಂತರದಲ್ಲಿ ನಿಂತರೆ ಬಾಚಣಿಗೆಯ ಹಲ್ಲಿನಂತಾಗುತ್ತದೆ. ನಿಜವಾದ ಎಳೆಗಳು ಎರಡು ಮೂರು ಸಾಲಿನಲ್ಲಿ ಹುಟ್ಟಿ, ತುದಿಯಲ್ಲಿ ಒಂದಕ್ಕೊಂದು ತಾಗಿಕೊಳ್ಳುತ್ತವೆ. ಅವುಗಳ ನಸು ನೆರಳು ಕಣ್ಣುಗುಡ್ಡೆಯ ಮೇಲೆ ಬೀಳದಿದ್ದರೆ ಕಣ್ಣು ಗಾಜಿನದೆಂಬಂತೆ ಕಾಣುತ್ತದೆ.

ಕೆಲಸ ಗೆದ್ದಿದೆಯೇ ಎಂಬುದನ್ನು ಕಣ್ಣು ಮಿಟುಕಿಸುವ ಕ್ಷಣದಲ್ಲಿ ನೋಡುತ್ತಾರೆ. ಸೆಕೆಂಡಿಗೆ 24 ಫ್ರೇಮಿನಂತೆ ಓಡುವ ಸಿನಿಮಾದಲ್ಲಿ ಒಂದು ಮಿಟುಕಿಗೆ ಹೆಚ್ಚೆಂದರೆ ಎಂಟು ಹತ್ತು ಫ್ರೇಮ್. ಅವನ್ನು ಒಂದೊಂದಾಗಿ ಸರಿಸುತ್ತ, ಕಣ್ಣು ಪೂರ್ತಿ ಮುಚ್ಚಿತೇ, ಕೆಳಕ್ಕೆ ಬಾಗಿದ ಎಳೆಗಳು ಬುಡದಿಂದಲೇ ರೆಪ್ಪೆಯ ಜೊತೆ ತಿರುಗಿದವೇ, ಕಾಡಿಗೆಯ ಗೆರೆ ಉದ್ದಕ್ಕೂ ಒಂದೇ ದಪ್ಪದಲ್ಲಿದೆಯೇ ಎಂದು ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಶ್ರಮದ ದೊಡ್ಡ ಪಾಲನ್ನು ಶೂಟಿಂಗ್ ದಿನವೇ ತಪ್ಪಿಸಬಹುದು. ರಂಗಭೂಮಿಯ ಕಲಾವಿದರು ಹುಬ್ಬಿಗೆ ಅಂಟು ಅಥವಾ ಮೇಣ ಸವರಿ ಚಪ್ಪಟೆ ಮಾಡಿ, ಮೇಲೆ ಫೌಂಡೇಶನ್ ಹಚ್ಚಿ ಮರೆಮಾಡುವುದುಂಟು. ಡೂಪ್‌ಗೂ ಹಾಗೆ ಮಾಡಿ, ಮಸ್ಕಾರಾ ತೆಗೆಸಿ, ನಾಯಕಿಯ ಹುಬ್ಬಿನ ಗೆರೆಯನ್ನೇ ಪೆನ್ಸಿಲ್‌ನಲ್ಲಿ ಬರೆದರೆ, ಅಂಚಿನಲ್ಲಿ ಇಣುಕುವುದೂ ನಾಯಕಿಯ ಹುಬ್ಬಿನಂತೆಯೇ ಇರುತ್ತದೆ. ಹೊಡೆದಾಟದ ಬೆವರಿಗೆ ಆ ಮೇಣ ಬಿಟ್ಟುಕೊಂಡರೆ ಮಾತ್ರ, ಆ ಫ್ರೇಮ್‌ಗಳು ಮತ್ತೆ ಪೇಂಟ್ ಮಾಡುವವರ ಮೇಜಿಗೇ ಬರುತ್ತವೆ.